ತೂಕ ತಪ್ಪಿದ ಮೇಲೆ



ಈ ದತ್ತಿ ಉಪನ್ಯಾಸಕ್ಕೆ ಸಂಘಟಕರು ಮೊದಲು ನನಗೆ ಕೊಟ್ಟ ವಿಷಯ ‘ಉದ್ಯೋಗ ಮತ್ತು ನೀತಿ’. ಅಷ್ಟು ದೊಡ್ಡ ಮಾತು ನನ್ನಿಂದಾಗದು ಎಂದು ಹೇಳಿ, ಒಂದು ಸಣ್ಣ ವಿಷಯಕ್ಕೆ ಒಪ್ಪಿಗೆ ಪಡೆದೆ. ಗಣಿ ಕಚೇರಿಗಳ ಸಿಬ್ಬಂದಿ ವಿಭಾಗದಲ್ಲಿ ನೌಕರಿ ಮಾಡಿದವನು ನಾನು. ರಜೆ ಚೀಟಿ, ಭವಿಷ್ಯನಿಧಿ, ಹಾಜರಿ ಪುಸ್ತಕಗಳ ಜೊತೆಗೆ ನನ್ನ ಮೇಜಿಗೆ ಬರುತ್ತಿದ್ದ ಇನ್ನೊಂದು ಬಗೆಯ ಕಾಗದವಿತ್ತು. ಕಾರಣ ಕೇಳಿ ಕೊಟ್ಟ ನೋಟಿಸಿಗೆ ನೌಕರ ಬರೆದುಕೊಡುವ ಸಮಜಾಯಿಷಿ. ನಷ್ಟವಾಗಿದೆ, ಮೇಲಿನವರು ಸಿಟ್ಟಾಗಿದ್ದಾರೆ, ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಆ ಹೊತ್ತಿನಲ್ಲಿ ಒಬ್ಬ ಮನುಷ್ಯ ಬಿಳಿ ಹಾಳೆಯ ಮೇಲೆ ಏನು ಬರೆಯಬೇಕು, ಸಾಹೇಬರ ಕೋಣೆಗೆ ಹೋಗಿ ಏನು ಹೇಳಬೇಕು, ಆಮೇಲಿನ ತಿಂಗಳುಗಳಲ್ಲಿ ಏನು ಮಾಡಬೇಕು ಎನ್ನುವುದಷ್ಟೇ ಇವತ್ತಿನ ಮಾತು.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಒಂದು ವಿಶೇಷ ತೊಡಕಿದೆ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಬಂತು. ಅದರ ಬೆನ್ನಿಗೇ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಸಂಡೂರಿನಿಂದ ಹೊಸಪೇಟೆ ಕಡೆಗೆ ಬರುತ್ತಿದ್ದ ಲಾರಿಗಳನ್ನು ನೋಡಿದವರಿಗೆ ನೆನಪಿರುತ್ತದೆ, ಆಗ ಹೆಚ್ಚು ತೂಕ ಹೇರುವುದು ಕಣ್ತಪ್ಪಾಗಿರಲಿಲ್ಲ, ಪದ್ಧತಿಯಾಗಿತ್ತು. ಹಾಗಾಗಿ ಇವತ್ತಿಗೂ ನಮ್ಮಲ್ಲಿ ಅದಿರಿನ ತೂಕದಲ್ಲಿ ವ್ಯತ್ಯಾಸ ಬಂದರೆ ಯಾರೂ ಅದನ್ನು ಮೊದಲಿಗೆ ತಪ್ಪು ಎಂದು ನೋಡುವುದಿಲ್ಲ. ‘ಯಾರಿಗೋಸ್ಕರ ಹಾಕಿದ?’ ಎಂದು ಕೇಳುತ್ತಾರೆ. ನಿಜವಾಗಿ ಎಡವಿದವನು ಮೊದಲು ತಾನು ಕದ್ದಿಲ್ಲ ಎಂಬುದನ್ನು ತೋರಿಸಬೇಕಾಗುತ್ತದೆ, ಕ್ಷಮೆಯ ಮಾತು ಆಮೇಲಿನದು. ಅಂಗಲಾಚುವುದರ ದೊಡ್ಡ ದೋಷ ಇಲ್ಲಿದೆ. ಕಾಲಿಗೆ ಬಿದ್ದು ಅಳುವುದು ಕದ್ದವನಿಗೂ ಬರುತ್ತದೆ, ಎಡವಿದವನಿಗೂ ಬರುತ್ತದೆ. ಸಾಹೇಬರಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಇಬ್ಬರನ್ನು ಬೇರ್ಪಡಿಸುವುದು ವಿವರ ಮಾತ್ರ.

ಆ ವಿವರ ಹೇಗಿರುತ್ತದೆ ಎಂದು ತೋರಿಸಲು ಒಂದು ಪ್ರಸಂಗವನ್ನು ಉದ್ದಕ್ಕೆ ಹೇಳುತ್ತೇನೆ. ಕಂಪನಿ ಯಾವುದು, ಹುಡುಗ ಯಾರು ಎಂದು ಹುಡುಕಬೇಡಿ. ಹಲವರ ಅನುಭವವನ್ನು ಸೇರಿಸಿ ನಾನೇ ಕಟ್ಟಿಕೊಂಡದ್ದು ಇದು.

ಸಂಡೂರು ಕಡೆಯ ಒಂದು ರೈಲ್ವೆ ಸೈಡಿಂಗ್. ಮಳೆಗಾಲದ ರಾತ್ರಿ ಪಾಳಿ. 58 ವ್ಯಾಗನ್‌ಗಳ ಒಂದು ರೇಕ್ ಬಂದು ನಿಂತಿದೆ. ಲೋಡಿಂಗಿಗೆ ರೈಲ್ವೆಯವರು ಕೊಡುವ ಸಮಯ ಗಂಟೆಗಳ ಲೆಕ್ಕದ್ದು. ಮೀರಿದರೆ ಡೆಮರೇಜ್. ಉಸ್ತುವಾರಿಗೆ ಕಂಪ್ಲಿ ಕಡೆಯ ಒಬ್ಬ ಡಿಪ್ಲೊಮಾ ಹುಡುಗ.

ಅದಿರು ತುಂಬುವ ತೆರೆದ ವ್ಯಾಗನ್‌ನ ಒಳಗಿನ ಉದ್ದ ಹತ್ತು ಮೀಟರಿಗೆ ಸ್ವಲ್ಪ ಕಡಿಮೆ, ಅಗಲ ಮೂರು ಮೀಟರಿಗೆ ಸ್ವಲ್ಪ ಕಡಿಮೆ, ಎತ್ತರ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಕಲ್ಲಿದ್ದಲಾದರೆ ಬಾಯಿವರೆಗೆ ತುಂಬಬಹುದು. ಕಬ್ಬಿಣದ ಅದಿರು ಭಾರವಾದ್ದರಿಂದ ಅರ್ಧ ತುಂಬುವ ಮುಂಚೆಯೇ ತೂಕದ ಮಿತಿ ಮುಟ್ಟಿಬಿಡುತ್ತದೆ. ಮಿತಿ ದಾಟಿದ ವ್ಯಾಗನ್ ಕೂಡ ನೋಡುವವರ ಕಣ್ಣಿಗೆ ಅರ್ಧ ಖಾಲಿ. ಅದಕ್ಕೇ ಒಳಗೋಡೆಗೆ ಸುಣ್ಣದಲ್ಲೋ ಬಣ್ಣದಲ್ಲೋ ಒಂದು ಗೆರೆ ಎಳೆಯುತ್ತಾರೆ. ಲೋಡರ್ ಆಪರೇಟರು ಆ ಗೆರೆವರೆಗೆ ಸುರಿದು ಮುಂದಿನ ವ್ಯಾಗನ್‌ಗೆ ಹೋಗುತ್ತಾನೆ. ರಾತ್ರಿಯಿಡೀ ತೂಕವನ್ನು ಕಾಯುವುದು ಆ ಗೆರೆ ಒಂದೇ.

ಗೆರೆ ಎಷ್ಟು ಎತ್ತರಕ್ಕಿರಬೇಕು ಎನ್ನುವುದು ಅದಿರಿನ ಮೇಲೆ ಹೋಗುತ್ತದೆ. ವ್ಯಾಗನ್‌ನ ತಳ ಸುಮಾರು 29 ಚದರ ಮೀಟರ್. ಒಂದು ಘನ ಮೀಟರ್ ಅದಿರು 2.3 ಟನ್ ತೂಗುತ್ತದೆ ಎಂದಿಟ್ಟುಕೊಂಡರೆ, 60 ಟನ್ ತುಂಬಲು ಗೆರೆ 90 ಸೆಂಟಿಮೀಟರಿಗೆ ಬರುತ್ತದೆ. ಹುಡುಗನ ಪುಸ್ತಕದಲ್ಲಿ ಇದ್ದದ್ದು ಇದೇ ಲೆಕ್ಕ. ಆದರೆ ಆ ಲೆಕ್ಕ ಹಿಂದಿನ ವಾರ ಖಾಲಿಯಾದ ರಾಶಿಯದು. ಆ ರಾತ್ರಿ ಎತ್ತುತ್ತಿದ್ದದ್ದು ಬೇರೆ ರಾಶಿ. ಮಳೆಯಲ್ಲಿ ನೆನೆದು ಒತ್ತಿ ಕೂತಿದ್ದ ಸಣ್ಣ ಅದಿರು, ನಾವು ಫೈನ್ಸ್ ಅನ್ನುತ್ತೇವಲ್ಲ ಅದು. ಅದರ ತೂಕ ಘನ ಮೀಟರಿಗೆ 2.45 ಟನ್. ವ್ಯತ್ಯಾಸ ಕೇಳುವುದಕ್ಕೆ ಏನೂ ಅಲ್ಲ. ಅದೇ 90 ಸೆಂಟಿಮೀಟರಿಗೆ ತುಂಬಿದರೆ ವ್ಯಾಗನ್‌ಗೆ ಸುಮಾರು ನಾಲ್ಕು ಟನ್ ಹೆಚ್ಚು. 58 ವ್ಯಾಗನ್ ಸೇರಿಸಿದರೆ 230 ಟನ್ ಹತ್ತಿರ.

ರಾಶಿ ಬದಲಾದಾಗ ಮಾಡಬೇಕಾದ ಕೆಲಸ ದೊಡ್ಡದಲ್ಲ. ಅಳತೆ ಗೊತ್ತಿರುವ ಒಂದು ಪೆಟ್ಟಿಗೆಗೆ ಅದಿರು ತುಂಬಿ, ತೂಗಿ, ಭಾಗಿಸಿ ನೋಡಬೇಕು. ಪೆಟ್ಟಿಗೆ ಇಲ್ಲದಿದ್ದರೆ ಅಳತೆ ಗೊತ್ತಿರುವ ಟಿಪ್ಪರ್ ಒಂದನ್ನು ಮಟ್ಟಸವಾಗಿ ತುಂಬಿಸಿ ಲಾರಿ ವೇಬ್ರಿಡ್ಜಿಗೆ ಕಳಿಸಿದರೂ ಆದೀತು. ಅರ್ಧ ಗಂಟೆಯ ಕೆಲಸ. ಹುಡುಗ ಮಾಡಲಿಲ್ಲ. ಡೆಮರೇಜ್ ಭಯ, ಮಳೆ, ರಾತ್ರಿ ಎರಡು ಗಂಟೆ. ಸೈಡಿಂಗ್‌ನಲ್ಲಿ ಪೆಟ್ಟಿಗೆಯೂ ಇರಲಿಲ್ಲ, ಯಾವಾಗಲೋ ಮುರಿದುಹೋಗಿತ್ತು.

ಬೆಳಗ್ಗೆ ರೇಕ್ ಹೊರಟಿತು. ದಾರಿಯ ವೇಬ್ರಿಡ್ಜಿನಲ್ಲಿ ಸಿಕ್ಕಿಬಿತ್ತು. ಹೆಚ್ಚು ಭಾರ ಹೇರಿದ್ದಕ್ಕೆ ದಂಡದ ದರ ಹಾಕಲು 1989ರ ರೈಲ್ವೆ ಕಾಯ್ದೆಯ 73ನೇ ಸೆಕ್ಷನ್ ಅಧಿಕಾರ ಕೊಡುತ್ತದೆ. ಅಚ್ಚು, ಸ್ಪ್ರಿಂಗು, ಹಳಿ ಎಲ್ಲಕ್ಕೂ ಪೆಟ್ಟು ಬೀಳುವ ವಿಷಯ, ಆದ್ದರಿಂದ ದಂಡ ಸಾಮಾನ್ಯ ಬಾಡಿಗೆಯ ಲೆಕ್ಕದಲ್ಲಿ ಬರುವುದಿಲ್ಲ. ಕಂಪನಿಗೆ ಎಂಟು ಲಕ್ಷ ಹೋಯಿತು ಎಂದಿಟ್ಟುಕೊಳ್ಳಿ. ಅದರ ಮೇಲೆ ಪರ್ಮಿಟ್‌ನಲ್ಲಿ ಬರೆದ ಟನ್ನಿಗೂ ಹೋದ ಟನ್ನಿಗೂ ತಾಳೆಯಾಗದೆ ಗಣಿ ಇಲಾಖೆಯ ಪ್ರಶ್ನೆ ಬೇರೆ.

ಈಗ ಹುಡುಗ ಏನು ಮಾಡಬೇಕು?

ನಮ್ಮ ಕಡೆ ಮೂರು ರೂಢಿಗಳಿವೆ. ಒಂದು, ಊರಿನ ದೊಡ್ಡವರ ಕೈಯಲ್ಲಿ ಫೋನು ಹಚ್ಚಿಸುವುದು. ‘ನಮ್ಮ ಹುಡುಗರೀ, ಸ್ವಲ್ಪ ನೋಡ್ಕೊಳ್ರಿ’ ಅಂತ. ಆ ಫೋನು ಬಂದ ಕ್ಷಣ ಮ್ಯಾನೇಜರು ಆ ಹುಡುಗನ ವಿಷಯದಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಕೆಲಸದಿಂದ ತೆಗೆಯುವುದಿಲ್ಲ, ಜವಾಬ್ದಾರಿಯನ್ನೂ ಕೊಡುವುದಿಲ್ಲ. ಎರಡು, ತಿಳಿಯದಂತೆ ಒಳಗೊಳಗೇ ಸರಿಮಾಡಲು ಹೋಗುವುದು. ಇದರ ಬಗ್ಗೆ ಮುಂದೆ ಹೇಳುತ್ತೇನೆ. ಮೂರು, ಕೋಣೆಗೆ ಹೋಗಿ ಕಾಲು ಹಿಡಿಯುವುದು.

ಕಾಲು ಹಿಡಿಯುವುದರ ಬಗ್ಗೆ ಎರಡು ಮಾತು. ಮನೆಯಲ್ಲಿ ಅಜ್ಜನ ಕಾಲು ಮುಟ್ಟುವುದು ಬೇರೆ. ಕಚೇರಿಯಲ್ಲಿ ಮುಟ್ಟಿದರೆ ಕೆಲಸದ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಎಂಟು ಲಕ್ಷದ ಲೆಕ್ಕ ಕೇಳಬೇಕೆಂದು ಕೂತಿದ್ದ ಮನುಷ್ಯ ಎದ್ದು, ಭುಜ ಹಿಡಿದು ಎಬ್ಬಿಸಿ, ‘ಏಳಪ್ಪ, ಏಳು’ ಅನ್ನಬೇಕಾಗುತ್ತದೆ. ಅವರ ಸಿಟ್ಟು ಅವರಲ್ಲೇ ಉಳಿಯುತ್ತದೆ, ಉತ್ತರ ಸಿಗುವುದಿಲ್ಲ. ಇನ್ನೊಂದು ಮಾತನ್ನೂ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಯಾರು ಬಾಗಬೇಕು ಎಂಬ ನಿರೀಕ್ಷೆ ನಮ್ಮಲ್ಲಿ ಎಲ್ಲರಿಗೂ ಒಂದೇ ಅಲ್ಲ. ಒಂದೇ ತಪ್ಪಿಗೆ ಇಂಜಿನಿಯರ್ ಸಾಹೇಬರ ಅಳಿಯ ‘ಸಾರಿ ಸರ್’ ಅಂದರೆ ಸಾಕು, ಕೇರಿಯಿಂದ ಬಂದ ಹುಡುಗ ಬಾಗಿಲಲ್ಲಿ ಕೈ ಕಟ್ಟಿ ನಿಲ್ಲಬೇಕು. ಫೈಲುಗಳಲ್ಲಿ ಇದು ಕಾಣುವುದಿಲ್ಲ. ಬಾಗಿಲ ಪಕ್ಕದ ಮೇಜಿನಲ್ಲಿ ಕೂತವನಿಗೆ ಕಾಣುತ್ತದೆ.

ನಮ್ಮ ಹುಡುಗ ಏನು ಮಾಡಿದ ನೋಡಿ. ಸುದ್ದಿ ಅವನಿಗೆ ಸಿಕ್ಕಿದ್ದು ಬೆಳಗ್ಗೆ ಹತ್ತರ ಸುಮಾರಿಗೆ, ರೈಲ್ವೆ ಗುಮಾಸ್ತರ ಫೋನಿನಲ್ಲಿ. ಕಾಗದ ಕಂಪನಿಗೆ ತಲುಪಲು ಇನ್ನೂ ಸಮಯವಿತ್ತು. ಪಾಳಿ ಮುಗಿದು ಮನೆಗೆ ಹೋದವನು ನೇರ ಕಚೇರಿಗೆ ಬಂದ. ಹೇಳಿದ್ದು ಇಷ್ಟು:

‘ಸರ್, ರಾತ್ರಿ ಲೋಡ್ ಮಾಡಿದ ರೇಕು ಓವರ್‌ಲೋಡ್ ಆಗೈತ್ರಿ. ವ್ಯಾಗನ್‌ಗೆ ನಾಕು ಟನ್ನಿನ ಮ್ಯಾಲೆ ಬೀಳಬೌದು. ರಾಶಿ ಬದ್ಲಾಗಿದ್ದು ನನಗ ಗೊತ್ತಿತ್ತು, ಗೆರಿ ಬದ್ಲಿ ಮಾಡಿಸ್ಲಿಲ್ಲ. ತಪ್ಪು ನಂದು ರೀ. ಮಧ್ಯಾನ್ಹ ಇನ್ನೊಂದು ರೇಕು ಐತಿ, ಅದೂ ಇದೇ ರಾಶಿ. ಅದರ ಗೆರಿ ಈಗ್ಲೇ ಇಳಿಸ್ಬೇಕು, ನಿಮ್ಮ ಒಪ್ಪಿಗಿ ಬೇಕಿತ್ರಿ.’

ಮ್ಯಾನೇಜರು ಬೈದರು. ಬೈಗುಳ ಸಣ್ಣದಿರಲಿಲ್ಲ. ಹುಡುಗ ಮಧ್ಯೆ ಬಾಯಿ ಹಾಕಲಿಲ್ಲ, ತಲೆಯನ್ನೂ ಕೆಳಗೆ ಹಾಕಲಿಲ್ಲ. ಬೈದು ಮುಗಿದ ಮೇಲೆ ಮತ್ತೆ ಕೇಳಿದ್ದು ಒಂದೇ, ‘ಸರ್, ಮಧ್ಯಾನ್ಹದ ರೇಕಿಗೆ ಎಂಬತ್ನಾಕಕ್ಕ ಗೆರಿ ಹಾಕಿಸ್ಲ್ಯಾ?’ ಈ ಪ್ರಶ್ನೆಯಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿದೆ. ಮುಂದಿನ ನಷ್ಟ ನಿಂತಿತು. ಲೆಕ್ಕ ಬಲ್ಲವನು ಎಂಬುದು ಗೊತ್ತಾಯಿತು. ಕೆಟ್ಟ ಸುದ್ದಿ ಬೇರೆಯವರ ಬಾಯಿಂದ ಬರುವ ಮುಂಚೆ ಇವನ ಬಾಯಿಂದ ಬಂತು. ಮ್ಯಾನೇಜರು ತಮ್ಮ ಮೇಲಿನವರಿಗೆ ಫೋನು ಮಾಡುವಾಗ ‘ನಮಗೆ ಗೊತ್ತಾಗಿದೆ, ಸರಿಮಾಡಿದ್ದೇವೆ’ ಎನ್ನಲು ಒಂದು ದಾರಿಯಾಯಿತು. ಮೇಲಿನವರಿಗೂ ಮೇಲಿನವರಿರುತ್ತಾರೆ. ಅವರು ಅಲ್ಲಿ ಹೇಳಬಹುದಾದ ಎರಡು ವಾಕ್ಯವನ್ನು ನಾವು ಒದಗಿಸಿಕೊಟ್ಟರೆ, ಅವರಿಗೆ ನಮ್ಮ ಕಣ್ಣೀರಿಗಿಂತ ಅದು ಹೆಚ್ಚು ಬೇಕಾದದ್ದು.

ಮೂರು ದಿನದ ಮೇಲೆ ನೋಟಿಸ್ ಬಂತು. ಇಂಥ ನೋಟಿಸಿಗೆ ಬರುವ ಸಮಜಾಯಿಷಿಗಳಲ್ಲಿ ನನ್ನ ಕಣ್ಣಿಗೆ ಬಿದ್ದವು ಹೆಚ್ಚಾಗಿ ಎರಡು ಜಾತಿಯವು. ಒಂದರಲ್ಲಿ ‘ತಾವು ದೇವರ ಸಮಾನರು, ಬಡವನ ಹೊಟ್ಟೆಯ ಮೇಲೆ ಹೊಡೆಯಬಾರದು, ಮಕ್ಕಳೊಂದಿಗ ಇದ್ದೇನೆ’ ಎಂದು ಒಂದು ಪುಟ. ಎಷ್ಟು ಓದಿದರೂ ಅಂದು ರಾತ್ರಿ ಏನಾಯಿತು ಎಂಬುದು ಸಿಗುವುದಿಲ್ಲ. ಇನ್ನೊಂದರಲ್ಲಿ ‘ಮಳೆಯ ಕಾರಣ, ಸಿಬ್ಬಂದಿ ಕೊರತೆಯ ಕಾರಣ, ಪೆಟ್ಟಿಗೆ ಇಲ್ಲದ ಕಾರಣ ಲೋಡಿಂಗ್ ಆಗಿರುತ್ತದೆ’ ಎಂದಿರುತ್ತದೆ. ಲೋಡಿಂಗ್ ತನ್ನಷ್ಟಕ್ಕೆ ತಾನೇ ಆಯಿತು ಎನ್ನುವ ಹಾಗೆ. ಮಾಡಿದವನೇ ಆ ಕಾಗದದಲ್ಲಿ ಇರುವುದಿಲ್ಲ.

ಹುಡುಗ ಬರೆದದ್ದನ್ನು ಓದುತ್ತೇನೆ.

‘ಮಾನ್ಯರೇ, ಸದರಿ ರಾತ್ರಿ ಪಾಳಿಯಲ್ಲಿ 58 ವ್ಯಾಗನ್‌ಗಳಿಗೆ ಗೆರೆ ಹಾಕಿಸಿದವನು ನಾನು. ಗೆರೆ 90 ಸೆಂಟಿಮೀಟರ್ ಇತ್ತು. ಅದು ಹಳೆಯ ರಾಶಿಗೆ ಸರಿಯಾದ ಎತ್ತರ. ಹೊಸ ರಾಶಿಯಿಂದ ಅದಿರು ಎತ್ತುತ್ತಿರುವುದು ನನಗೆ ತಿಳಿದಿತ್ತು. ಟಿಪ್ಪರ್ ತೂಗಿಸಿ ನೋಡಬೇಕಿತ್ತು, ನೋಡಲಿಲ್ಲ. ಇದು ನನ್ನ ತಪ್ಪು. ಇದರಿಂದ ಕಂಪನಿಗೆ ದಂಡ ಬಿದ್ದಿದೆ, ತಾವು ರೈಲ್ವೆ ಮತ್ತು ಇಲಾಖೆಯ ಮುಂದೆ ಉತ್ತರ ಕೊಡಬೇಕಾಗಿ ಬಂದಿದೆ. ಇದಕ್ಕಾಗಿ ಕ್ಷಮೆ ಕೇಳುತ್ತೇನೆ.

ಮರುದಿನ ಅದೇ ರಾಶಿಯ ಅದಿರನ್ನು ತೂಗಿಸಿದಾಗ ಘನ ಮೀಟರಿಗೆ 2.45 ಟನ್ ಬಂದಿದೆ. ತೂಕದ ಚೀಟಿ, ಆ ರಾತ್ರಿಯ ಲೋಡರ್ ಲಾಗ್ ಪುಸ್ತಕದ ಪುಟ ಮತ್ತು ವ್ಯಾಗನ್‌ವಾರು ತೂಕದ ಪಟ್ಟಿಯನ್ನು ಲಗತ್ತಿಸಿದ್ದೇನೆ. ಎಲ್ಲ ವ್ಯಾಗನ್‌ಗಳಲ್ಲೂ ಹೆಚ್ಚಳ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ.

ಸೈಡಿಂಗ್‌ನ ಅಳತೆ ಪೆಟ್ಟಿಗೆ ಮುರಿದಿರುವ ಬಗ್ಗೆ ಪಾಳಿ ಪುಸ್ತಕದಲ್ಲಿ ಈ ಹಿಂದೆ ನಮೂದಾಗಿದೆ. ಹೊಸದನ್ನು ಒದಗಿಸಲು ಕೋರುತ್ತೇನೆ. ರಾಶಿ ಬದಲಾದಾಗಲೆಲ್ಲ ತೂಗಿದ ಚೀಟಿ ಅಂಟಿಸಿ, ಗೆರೆಯ ಎತ್ತರ ಬರೆದು, ಇನ್ನೊಬ್ಬರ ಸಹಿ ಪಡೆದ ಮೇಲೆಯೇ ಲೋಡಿಂಗ್ ಶುರು ಮಾಡುತ್ತೇನೆ. ಈ ರಿಜಿಸ್ಟರನ್ನು ಸೋಮವಾರದಿಂದ ಇಟ್ಟಿದ್ದೇನೆ.’

ಮುಕ್ಕಾಲು ಪುಟ. ಇದರ ಒಂದು ಸಾಲಿನ ಬಗ್ಗೆ ಮಾತ್ರ ವಿವರವಾಗಿ ಹೇಳಬೇಕು. ‘ಎಲ್ಲ ವ್ಯಾಗನ್‌ಗಳಲ್ಲೂ ಹೆಚ್ಚಳ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ.’ ಗೆರೆ ತಪ್ಪಿದ್ದರೆ 58ಕ್ಕೆ 58 ವ್ಯಾಗನ್‌ಗಳೂ ಸರಿಸುಮಾರು ಅದೇ ನಾಲ್ಕು ಟನ್ ಹೆಚ್ಚಿರುತ್ತವೆ. ಯಾರೋ ಬೇಕೆಂದೇ ಅಲ್ಲಲ್ಲಿ ಹೆಚ್ಚು ಹಾಕಿಸಿದ್ದರೆ ಕೆಲವು ವ್ಯಾಗನ್ ಬಹಳ ಹೆಚ್ಚು, ಉಳಿದವು ಸರಿಯಾಗಿರುವ ಸಾಧ್ಯತೆ ಜಾಸ್ತಿ. ಪಟ್ಟಿಯನ್ನು ನೋಡಿದ ಯಾವ ಅನುಭವಸ್ಥನಿಗೂ ಇದು ಗೆರೆಯ ತಪ್ಪು ಎಂದು ಹೊಳೆಯುತ್ತದೆ. ‘ನಾನು ಕಳ್ಳನಲ್ಲ’ ಎಂದು ಹುಡುಗ ಎಲ್ಲೂ ಬರೆದಿಲ್ಲ. ಬರೆಯಬೇಕಾದ ಅಗತ್ಯವೂ ಬರಲಿಲ್ಲ.

ಪೆಟ್ಟಿಗೆಯ ವಿಷಯ ಎಲ್ಲಿದೆ ಎಂಬುದನ್ನೂ ಗಮನಿಸಿ. ಅದು ಕಂಪನಿಯ ಕಡೆಯ ಲೋಪ, ಬಿಡುವ ಹಾಗಿಲ್ಲ. ಬಿಟ್ಟರೆ ನಾಳೆ ಇನ್ನೊಬ್ಬ ಅಲ್ಲೇ ಎಡವುತ್ತಾನೆ. ಆದರೆ ಅದನ್ನು ಕ್ಷಮೆಯ ಪ್ಯಾರಾದೊಳಗೆ ತುರುಕಿದರೆ ನೆಪವಾಗುತ್ತದೆ. ತನ್ನ ತಪ್ಪು ಒಪ್ಪಿ ಮುಗಿಸಿದ ಮೇಲೆ, ಬೇರೆ ಪ್ಯಾರಾದಲ್ಲಿ, ಪುಸ್ತಕದ ಆಧಾರ ತೋರಿಸಿ ಹೇಳಿದ್ದಾನೆ.

ಇಷ್ಟು ನೆಟ್ಟಗೆ ಬರೆದರೆ ಮೇಲಿನವರಿಗೆ ಉದ್ಧಟತನ ಎನಿಸುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೆಲವರಿಗೆ ಅನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕೋರ್ಟುಗಳಿಗಿಂತ ಮರ್ಯಾದೆಯ ವಿಷಯದಲ್ಲಿ ಬಿಗಿಯಾದ ಕಚೇರಿ ಯಾವುದಿದೆ? 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 12ನೇ ಸೆಕ್ಷನ್ನಿನಲ್ಲೇ ಒಂದು ವಿವರಣೆ ಇದೆ. ಆರೋಪಿ ಪ್ರಾಮಾಣಿಕವಾಗಿ ಕ್ಷಮೆ ಕೇಳಿದ್ದರೆ, ಅದರಲ್ಲಿ ಷರತ್ತು ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ನ್ಯಾಯಾಧೀಶರಿಗೇ ಪೂರ್ತಿ ಶರಣಾಗತಿ ಬೇಕಿಲ್ಲದಿದ್ದರೆ ಲೋಡಿಂಗ್ ಮ್ಯಾನೇಜರಿಗೆ ಯಾಕೆ ಬೇಕು?

ದುಡ್ಡಿನ ಮಾತಿಗೆ ಬರೋಣ. ಹೆದರಿದವನು ಮೊದಲು ಆಡುವ ಮಾತು ‘ನನ್ನ ಸಂಬಳದಲ್ಲಿ ಹಿಡ್ಕೊಳ್ರಿ’. ಇದನ್ನು ಆಡಬೇಡಿ. ಎಂಟು ಲಕ್ಷವನ್ನು ಇಪ್ಪತ್ತು ಸಾವಿರದ ಸಂಬಳದಲ್ಲಿ ಹಿಡಿಯಲು ಆಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು, ಹಾಗಾಗಿ ಅದು ಪೊಳ್ಳು ಮಾತು. ನೌಕರನ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಸಂಬಳ ಕಡಿತ ಮಾಡಬೇಕಾದರೆ ಕಡಿತ ನಷ್ಟವನ್ನು ಮೀರಬಾರದು, ಅದಕ್ಕೆ ಮುಂಚೆ ಅವನ ಮಾತು ಕೇಳಬೇಕು ಎನ್ನುವುದು 1936ರ ವೇತನ ಪಾವತಿ ಕಾಯ್ದೆಯಿಂದಲೂ ಇರುವ ನಿಯಮ. ಸರ್ಕಾರಿ ನೌಕರರಿಗೆ 1957ರ ಕರ್ನಾಟಕ ನಾಗರಿಕ ಸೇವಾ ನಿಯಮಗಳಿವೆ, ಸಿಸಿಎ ರೂಲ್ಸ್ ಎಂದು ಎಲ್ಲರೂ ಕರೆಯುವುದು. ಅಲ್ಲಿ ನಷ್ಟದ ವಸೂಲಿಯೇ 8ನೇ ನಿಯಮದಲ್ಲಿ ಹೇಳಿದ ಒಂದು ದಂಡನೆ. ದಂಡನೆ ಎಂದಮೇಲೆ ಅದಕ್ಕೊಂದು ಕ್ರಮವಿದೆ. ಕೋಣೆಯಲ್ಲಿ ಸಿಟ್ಟಿನ ಭರದಲ್ಲಿ ತೀರ್ಮಾನವಾಗುವಂಥದ್ದಲ್ಲ. ಬಿಳಿ ಹಾಳೆಯ ಮೇಲೆ ಸಹಿ ಕೇಳಿದರೆ ವಿನಯದಿಂದಲೇ ಇಲ್ಲ ಎನ್ನಬೇಕು. ‘ಬರ್ದು ಕೊಡ್ತೀನ್ರಿ ಸರ್, ಖಾಲಿ ಹಾಳಿಗೆ ಬ್ಯಾಡ್ರಿ’ ಎಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಮುಚ್ಚಳಿಕೆಯದ್ದೂ ಅದೇ ಕಥೆ. ‘ಇನ್ನು ಮುಂದೆ ಇಂಥ ತಪ್ಪು ಎಂದಿಗೂ ಮಾಡುವುದಿಲ್ಲ’ ಎಂದು ಬರೆಸಿಕೊಳ್ಳುತ್ತಾರೆ. ಇದನ್ನು ಯಾರೂ ನಡೆಸಿಕೊಡಲಾರರು. ಇನ್ನೊಂದು ಸಣ್ಣ ತಪ್ಪಾದ ದಿನ ಅದೇ ಕಾಗದ ಕುತ್ತಿಗೆಗೆ ಬರುತ್ತದೆ. ತೂಗದೆ ಲೋಡ್ ಮಾಡುವುದಿಲ್ಲ ಎನ್ನುವುದನ್ನು ನಡೆಸಿಕೊಡಬಹುದು, ನಡೆಸಿದ್ದನ್ನು ತೋರಿಸಲೂಬಹುದು.

ಒಳಗೊಳಗೇ ಸರಿಮಾಡುವವರ ಬಗ್ಗೆ ಹೇಳುತ್ತೇನೆ ಎಂದಿದ್ದೆ. ಇದು ಗಣಿಗಿಂತ ಕಂಪ್ಲಿಯ ಭತ್ತದ ವ್ಯಾಪಾರದಲ್ಲಿ ಹೆಚ್ಚು. ಅಲ್ಲಿ ನೋಟಿಸ್ ಇಲ್ಲ, ಸಮಜಾಯಿಷಿ ಇಲ್ಲ. ಸಾವ್ಕಾರರು, ಗುಮಾಸ್ತ, ಖಾತೆ ಪುಸ್ತಕ. ಗುಮಾಸ್ತನೊಬ್ಬ ಒಂದು ತಳಿಯ ಭತ್ತದ ದರವನ್ನು ಇನ್ನೊಂದಕ್ಕೆ ಹಾಕಿ ಬಿಲ್ ಬರೆಯುತ್ತಾನೆ. 75 ಕಿಲೋ ಚೀಲಕ್ಕೆ ನೂರು ರೂಪಾಯಿ ವ್ಯತ್ಯಾಸ ಬಂದರೂ ನಾನೂರು ಚೀಲಕ್ಕೆ ನಲವತ್ತು ಸಾವಿರ. ರೈತ ದುಡ್ಡು ತೆಗೆದುಕೊಂಡು ಹೋಗಿಯಾಗಿದೆ. ಗುಮಾಸ್ತ ಹೆದರಿ, ಹೆಂಡತಿಯ ಸರ ಅಡವಿಟ್ಟು, ಹತ್ತತ್ತು ಸಾವಿರದಂತೆ ಗಲ್ಲಾಕ್ಕೆ ಸೇರಿಸುತ್ತಾನೆ. ನಿಯತ್ತಿನ ಮನುಷ್ಯ, ಅನುಮಾನವಿಲ್ಲ. ಆದರೆ ದೀಪಾವಳಿಗೆ ಲೆಕ್ಕ ನೋಡುವಾಗ ಸಾವ್ಕಾರರಿಗೆ ಕಾಣುವುದು ಏನು? ಯಾರ ಹೆಸರಿಗೂ ಇಲ್ಲದ ನಾಲ್ಕು ಜಮಾ. ದುಡ್ಡು ಹೋದರೆ ಒಂದು ಅನುಮಾನ, ಕಾರಣವಿಲ್ಲದೆ ಬಂದರೆ ಹತ್ತು ಅನುಮಾನ. ಇಷ್ಟು ದಿನ ನನ್ನ ಗಲ್ಲಾದಲ್ಲಿ ಇನ್ನೂ ಏನೇನು ನಡೆದಿದೆ ಎಂದು ಅವರು ಹಳೆಯ ಪುಸ್ತಕ ತೆಗೆಸುತ್ತಾರೆ. ಅದೇ ದಿನ ಸಂಜೆ ‘ಅಣ್ಣಾರ, ದರ ತಪ್ಪು ಹಾಕಿಬಿಟ್ಟೀನ್ರಿ, ರೈತನ ಊರು ಗೊತ್ತೈತಿ, ನಾಳಿ ಇಬ್ಬರೂ ಹೋಗಿ ಮಾತಾಡಾಣ’ ಎಂದಿದ್ದರೆ ಅರ್ಧವಾದರೂ ವಾಪಸು ಬರುತ್ತಿತ್ತು, ಸರವೂ ಉಳಿಯುತ್ತಿತ್ತು.

ಎಲ್ಲರೂ ನೋಡುವಂತೆ ಸರಿಮಾಡುವುದರ ಗುಣ ನಮ್ಮ ಹಂಪಿಯಲ್ಲೇ ಒಮ್ಮೆ ಕಂಡಿತು. ಕಚೇರಿಯ ತಪ್ಪಲ್ಲ ಅದು, ಪುಂಡಾಟ. 2019ರಲ್ಲಿ ಕೆಲವು ಯುವಕರು ಅಲ್ಲಿನ ಕಂಬ ಉರುಳಿಸಿದ ವಿಡಿಯೋ ಹರಿದಾಡಿತು. ಹೊಸಪೇಟೆಯ ನ್ಯಾಯಾಲಯ ಒಬ್ಬೊಬ್ಬರಿಗೂ 70,000 ರೂಪಾಯಿ ದಂಡ ಹಾಕಿದ್ದರ ಜೊತೆಗೆ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಪತ್ರಿಕೆಗಳಲ್ಲಿ ಬಂದ ಚಿತ್ರ ಅದರದ್ದೇ.

ಇನ್ನು ನಂಬಿಕೆ ಮರಳುವ ವಿಷಯ. ಕ್ಷಮಿಸಿದ ದಿನವೇ ನಂಬಿಕೆ ಬರುತ್ತದೆ ಎಂದು ಹುಡುಗರು ಅಂದುಕೊಳ್ಳುತ್ತಾರೆ. ಬರುವುದಿಲ್ಲ, ಬರಲೂಬಾರದು. ಪಕ್ಕದಲ್ಲೇ ಇರುವ ತುಂಗಭದ್ರೆಯನ್ನು ನೋಡಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನ್ ಕೊಂಡಿ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಅಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಟಿಎಂಸಿ ಹೋಗಿತ್ತು. ದುರಸ್ತಿ ಮಾಡಿದವರನ್ನು ಇಡೀ ಊರು ಹೊಗಳಿತು. ಆದರೂ ಮುಂದಿನ ವರ್ಷ, 2025ರಲ್ಲಿ, ಜಲಾಶಯವನ್ನು 105 ಟಿಎಂಸಿವರೆಗೆ ತುಂಬಿಸಲಿಲ್ಲ. 80ಕ್ಕೆ ಮಿತಿ ಹಾಕಿದರು, ಉಳಿದ ಹಳೆಯ ಗೇಟುಗಳ ಮೇಲೆ ಭರವಸೆ ಸಾಲದೆಂದು. ಮೇಲಿನವರು ನಿಮ್ಮ ಮಟ್ಟವನ್ನೂ ಹೀಗೆಯೇ ಇಳಿಸುತ್ತಾರೆ. ಎಂಬತ್ತರಲ್ಲಿ ಇಟ್ಟಿದ್ದಾರೆ ಎಂದು ಮುನಿಸಿಕೊಳ್ಳಬಾರದು.

ಹುಡುಗನಿಗೂ ಅದೇ ಆಯಿತು. ಮೂರು ತಿಂಗಳು ಅವನ ರೇಕಿಗೆ ಇನ್ನೊಬ್ಬ ಸೂಪರ್‌ವೈಸರ್ ಸಹಿ ಬೇಕಿತ್ತು. ಅದನ್ನು ಅವಮಾನ ಎಂದು ತೆಗೆದುಕೊಂಡಿದ್ದರೆ ಕೆಟ್ಟುಹೋಗುತ್ತಿದ್ದ. ಆ ಎರಡನೇ ಸಹಿಯನ್ನು ತನ್ನ ಪತ್ರದಲ್ಲಿ ತಾನೇ ಕೇಳಿದ್ದನಲ್ಲ, ಅದರಿಂದ ಸಲೀಸಾಯಿತು.

ಆದರೆ ಅವನು ಇನ್ನೊಂದು ಹಳ್ಳಕ್ಕೆ ಬೀಳುವುದರಲ್ಲಿದ್ದ. ಹೆದರಿಕೆಯಿಂದ ಗೆರೆಯನ್ನು ಬೇಕಾದ್ದಕ್ಕಿಂತ ಕೆಳಗೆ ಹಾಕಿಸತೊಡಗಿದ. ವ್ಯಾಗನ್‌ಗೆ ಮೂರು ಟನ್ ಕಡಿಮೆ. ಯಾರೂ ದಂಡ ಹಾಕುವುದಿಲ್ಲ, ಯಾರೂ ಬೈಯುವುದಿಲ್ಲ. ಆದರೆ ರೈಲ್ವೆ ಬಾಡಿಗೆ ವಸೂಲು ಮಾಡುವುದು ವ್ಯಾಗನ್ ಎಷ್ಟು ಹೊರಬಹುದೋ ಅಷ್ಟಕ್ಕೆ, ನೀವು ಕಡಿಮೆ ಹಾಕಿದ್ದೀರಿ ಎಂದು ಬಿಡುವುದಿಲ್ಲ. 58 ವ್ಯಾಗನ್‌ಗೆ ಮೂರು ಟನ್ ಎಂದರೆ 174 ಟನ್ ಗಾಳಿಗೆ ಬಾಡಿಗೆ ಕಟ್ಟಿದ ಹಾಗೆ, ಪ್ರತಿ ರೇಕಿಗೂ. ದೊಡ್ಡ ತಪ್ಪು ಮಾಡಿದವರಲ್ಲಿ ಈ ಎರಡನೇ ನಷ್ಟವನ್ನು ನಾನು ಬಹಳ ಸಲ ಕಂಡಿದ್ದೇನೆ. ಮೇಲಿನವರು ಅದನ್ನು ‘ಈಗ ಹುಷಾರಾಗಿದ್ದಾನೆ’ ಎಂದು ತಪ್ಪಾಗಿ ಓದುತ್ತಾರೆ. ಗೊತ್ತಾಗುವುದು ತಿಂಗಳ ಕೊನೆಯ ಪಟ್ಟಿಯಲ್ಲಿ. ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ತೂಕ ಮಿತಿಯ ಹತ್ತಿರ ನಿಂತರೆ ಮನುಷ್ಯ ಸರಿಯಾದ ಎಂದರ್ಥ. ಎಲ್ಲ ವ್ಯಾಗನ್‌ಗಳೂ ಕೆಳಗೇ ಇದ್ದರೆ ಅವನು ಇನ್ನೂ ಹೆದರಿದ್ದಾನೆ, ಕರೆದು ಮಾತಾಡಿಸಬೇಕು. ಇವನನ್ನು ಕರೆದು ಮಾತಾಡಿಸಿದ್ದು ಅದೇ ಬೈದ ಮ್ಯಾನೇಜರು.

ನಂಬಿಕೆ ಬಂತು ಎಂದು ಯಾರೂ ಆದೇಶ ಹೊರಡಿಸುವುದಿಲ್ಲ. ರಾತ್ರಿ ಹನ್ನೊಂದರ ಪರಿಶೀಲನೆಯ ಫೋನು ಒಂದು ದಿನ ಬರುವುದಿಲ್ಲ. ಎರಡನೇ ಸಹಿ ಇಲ್ಲದ ಪುಟ ಬಂದರೂ ಯಾರೂ ಕೇಳುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಹೊಸ ರಾಶಿ ತೆಗೆದಾಗ ‘ಅವನ್ನ ಕೇಳ್ರಿ, ಅವನಿಗೆ ಗೊತ್ತು’ ಎನ್ನುತ್ತಾರೆ.

ಬರದೇ ಹೋಗುವುದೂ ಉಂಟು. ನಷ್ಟ ಮುಗಿದು ವರ್ಷವಾದರೂ ಪ್ರತಿ ಮೀಟಿಂಗಿನಲ್ಲಿ ಅದೇ ರೇಕಿನ ಕಥೆ ಹೇಳಿ ನಗುವ ಸಾಹೇಬರಿದ್ದಾರೆ. ಅವರಿಗೆ ಕ್ಷಮೆ ಬೇಕಿಲ್ಲ, ಆಳು ಬೇಕು. ಅಂಥ ಕಡೆ ರಿಜಿಸ್ಟರು ಎಷ್ಟು ಚೆನ್ನಾಗಿಟ್ಟರೂ ಪ್ರಯೋಜನವಿಲ್ಲ. ಅದರ ನಕಲು ತೆಗೆದಿಟ್ಟುಕೊಂಡು ಬೇರೆ ಕೆಲಸ ಹುಡುಕುವುದು ಮೇಲು. ಮುಂದಿನ ಸಂದರ್ಶನದಲ್ಲಿ ಆ ರಿಜಿಸ್ಟರು ಕೆಲಸಕ್ಕೆ ಬರುತ್ತದೆ.

ಸಭೆಯಲ್ಲಿ ಗಣಿಯವರು, ಗಿರಣಿಯವರು, ಲಾಡ್ಜ್ ನಡೆಸುವವರು ಇದ್ದೀರಿ. ಹುಡುಗರಿಗೆ ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮಲ್ಲೂ ಒಂದು ವಿನಂತಿ. ಸಮಜಾಯಿಷಿ ಕೊಡಲು ಬಂದವನಿಗೆ ಕೂರಲು ಒಂದು ಕುರ್ಚಿ ಹಾಕಿಸಿ, ಆ ರಾತ್ರಿಯ ಪುಸ್ತಕವನ್ನು ಮುಂದಿಟ್ಟುಕೊಂಡು ಅವನ ಮಾತು ಕೇಳಿ. ಸಂಡೂರಿನ ಕಡೆಯವರು, ಈ ಸಲದ ಮಳೆ ಶುರುವಾಗುವ ಮುಂಚೆ ನಿಮ್ಮ ಸೈಡಿಂಗ್‌ನ ಅಳತೆ ಪೆಟ್ಟಿಗೆ ನೆಟ್ಟಗಿದೆಯೇ ಎಂದು ಒಮ್ಮೆ ಖುದ್ದಾಗಿ ಹೋಗಿ ನೋಡಿ.